ಕಮಲಾಪುರದ ಗೋದಾಮು ಮತ್ತು ಒಂದೇ ಸಾಲಿನ ಕಾಗದ

ಹೋದ ಸಲದ ಅಂಕಣ ಓದಿದ ತಾಯಿಯೊಬ್ಬರು ಕಲಬುರಗಿಯ ಜೇವರ್ಗಿ ರಸ್ತೆ ಕಡೆಯಿಂದ ಪತ್ರ ಬರೆದಿದ್ದಾರೆ. ಅವರ ಮಗ ಸಿಎ ಓದುತ್ತಿದ್ದಾನೆ, ಆರ್ಟಿಕಲ್‌ಶಿಪ್ ಎರಡನೇ ವರ್ಷ. "ಆಡಿಟರ್ ಸಹಿ ಹಾಕಿದ ಲೆಕ್ಕ ಮುಂದೆ ಸುಳ್ಳು ಅಂತ ಆದ್ರ ಅದಕ್ಕ ಯಾರು ಹೊಣಿ? ಮನಿ ಮಠ ಹೋಗ್ತದೇನ್ರಿ? ಜೈಲ್ ಆಗ್ತದೇನ್ರಿ?" ಅಂತ ಕೇಳಿದ್ದಾರೆ. ಇದಕ್ಕೆ ಕಾನೂನಿನ ಪುಸ್ತಕದಿಂದ ಉತ್ತರ ಕೊಡಬಹುದು. ಆದರೆ ಇದೇ ಪ್ರಶ್ನೆಯನ್ನು ಕೆಲವು ವರ್ಷಗಳ ಹಿಂದೆ ನಮ್ಮ ಅತ್ತೆಯವರು ಅಡುಗೆಮನೆಯಲ್ಲಿ ನಿಂತು ನನಗೇ ಕೇಳಿದ್ದರು. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ನಮ್ಮದು ಇಬ್ಬರು ಪಾಲುದಾರರ ಸಣ್ಣ ಆಡಿಟ್ ಕಚೇರಿ. ಒಂದು ತೊಗರಿ ಬೇಳೆ ಗಿರಣಿಯ ಆಡಿಟ್ ನಮ್ಮ ಕಡೆ ಇತ್ತು. ಅದು ಪ್ರೈವೇಟ್ ಲಿಮಿಟೆಡ್ ಕಂಪನಿ. ಗಿರಣಿ ಕಲಬುರಗಿಯಲ್ಲಿ, ಗೋದಾಮು ಹುಮನಾಬಾದ್ ರಸ್ತೆಯ ಕಮಲಾಪುರದಲ್ಲಿ. ಕೆಂಪು ಬಾಳೆಹಣ್ಣಿಗೆ ಹೆಸರಾದ ಊರು ಅದು, ಹೋದಾಗಲೆಲ್ಲ ಒಂದು ಗೊನೆ ತರೋದು ನಮ್ಮ ರೂಢಿ. ಗೋದಾಮಿನ ಸರಕನ್ನು ಒತ್ತೆ ಇಟ್ಟು ಕಂಪನಿ ಒಂದು ಬ್ಯಾಂಕಿನಿಂದ ಸಾಲ ತೆಗೆದಿತ್ತು. ಪ್ರತಿ ಮಾರ್ಚ್ 31ಕ್ಕೆ ನಾವು ಸರಕು ಎಣಿಸಿ ಆಡಿಟ್ ವರದಿ ಕೊಡುತ್ತಿದ್ದೆವು. ಬ್ಯಾಂಕ್ ಕೇಳಿತ್ತೆಂದು ಅದರ ಹೆಸರಿಗೇ ಬೇರೆ ಒಂದು ಸರಕಿನ ಪ್ರಮಾಣಪತ್ರವನ್ನೂ ಕೊಟ್ಟಿದ್ದೆವು. ಈ ಎರಡನೇ ಕಾಗದ ನೆನಪಿಟ್ಟುಕೊಳ್ಳಿ.

ಮೊದಲ ವರ್ಷ ನಾನೇ ಹೋಗಿದ್ದೆ. ಮೂರು ಥಪ್ಪಿ ಇದ್ದವು. ಒಂದೊಂದು ಥಪ್ಪಿ ಉದ್ದಕ್ಕೆ 20 ಚೀಲ, ಅಗಲಕ್ಕೆ 10, ಎತ್ತರಕ್ಕೆ 12. ಅಂದರೆ 2,400 ಚೀಲ, ಮೂರಕ್ಕೆ 7,200. ಚೀಲಕ್ಕೆ 50 ಕಿಲೋ, ಒಟ್ಟು 3,600 ಕ್ವಿಂಟಲ್. ಕ್ವಿಂಟಲಿಗೆ 7,000 ರೂಪಾಯಿ ಹಿಡಿದರೆ 2 ಕೋಟಿ 52 ಲಕ್ಷ. ಏಣಿ ಹಾಕಿಸಿ ಮೇಲೆ ಹತ್ತಿದೆ. ಹಮಾಲರಿಗೆ ಹೇಳಿ ಪ್ರತಿ ಥಪ್ಪಿಯ ನಡುವೆ ನಾಲ್ಕು ಸಾಲು ಆಳಕ್ಕೆ ಚೀಲ ತೆಗೆಸಿದೆ. ಇಪ್ಪತ್ತು ಚೀಲ ತೂಗಿಸಿದೆ, ಬಾಯಿ ಬಿಚ್ಚಿಸಿ ಕಾಳು ನೋಡಿದೆ. ಯಾವ ಚೀಲ ಎಲ್ಲಿಂದ ತೆಗೆದದ್ದು, ತೂಕ ಎಷ್ಟು, ಬಂದವರು ಯಾರು, ಶುರುವಾದದ್ದು ಎಷ್ಟಕ್ಕೆ, ಮುಗಿದದ್ದು ಎಷ್ಟಕ್ಕೆ, ಎಲ್ಲ ಬರೆದು ಗೋದಾಮಿನವನ ಸಹಿ ತಗೊಂಡೆ. ಕಾಗದ ಮೂರು ಪುಟ ಆಯ್ತು.

ಎರಡನೇ ವರ್ಷ ಏಪ್ರಿಲ್ ಮೊದಲ ವಾರ ಬ್ಯಾಂಕ್ ಶಾಖೆಗಳ ಆಡಿಟ್ ಬಂತು. ನನಗೆ ಬಿಡುವಿರಲಿಲ್ಲ. ಕಮಲಾಪುರಕ್ಕೆ ಆರ್ಟಿಕಲ್ ಹುಡುಗನನ್ನು ಕಳಿಸಿದೆ. ಪಾಪ, ಬಿಸಿಲಾಗ ಹೋಗಿ ಎಣಿಸಿಕೊಂಡು ಬಂದ. ಅವನು ಬರೆದದ್ದು ಒಂದೇ ಸಾಲು: "7,200 ಚೀಲ, ಸರಿ ಇದೆ." ಕೆಳಗೆ ಅವನ ಸಹಿ. ನಾನು ಅದನ್ನು ಫೈಲಿಗೆ ಹಾಕಿದೆ. ಅವನಿಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಸೆಪ್ಟೆಂಬರ್‌ನಲ್ಲಿ ವರದಿಗೆ ಸಹಿ ಹಾಕಿದೆ.

ಮರುವರ್ಷ ಜನವರಿಯಲ್ಲಿ ಗಿರಣಿ ಬಾಗಿಲು ಹಾಕಿತು. ಬ್ಯಾಂಕಿನವರು ಗೋದಾಮು ತೆಗೆಸಿದರು. ಹಳೆಯ ಥಪ್ಪಿಗಳಲ್ಲಿ ಎರಡು ಹೋಗಿದ್ದವು, ಗೋಡೆ ಕಡೆಯದು ಮಾತ್ರ ಅಲುಗಾಡದೆ ಹಾಗೇ ನಿಂತಿತ್ತು. ಬಿಚ್ಚಿ ನೋಡಿದರೆ ಹೊರಗಿನ ಸಾಲೆಲ್ಲ ತೊಗರಿ, ಒಳಗೆ ಬರೀ ಹೊಟ್ಟು. ಗಿರಣಿಯಲ್ಲಿ ಬೇಳೆ ಒಡೆದಾಗ ಬರುವ ಹೊಟ್ಟನ್ನೇ ಚೀಲಕ್ಕೆ ತುಂಬಿ ಒಳಗೆ ಪೇರಿಸಿದ್ದರು.

ಇಲ್ಲಿ ಒಂದು ಸಣ್ಣ ಲೆಕ್ಕ ಮಾಡೋಣ. 20, 10, 12ರ ಥಪ್ಪಿಯನ್ನು ಸುತ್ತಲಿಂದ ಮತ್ತು ಮೇಲಿನಿಂದ ನೋಡಿದರೆ ಕಣ್ಣಿಗೆ ಕಾಣುವುದು ಹೊರಗಿನ ಒಂದು ಪದರ ಮಾತ್ರ. ಉದ್ದದಲ್ಲಿ ಎರಡು ಕಳೆಯಿರಿ, ಅಗಲದಲ್ಲಿ ಎರಡು, ಎತ್ತರದಲ್ಲಿ ಒಂದು. ಒಳಗೆ ಉಳಿಯುವುದು 18, 8, 11. ಗುಣಿಸಿದರೆ 1,584 ಚೀಲ. 2,400ರಲ್ಲಿ ಕಾಣುವುದು ಬರೀ 816, ಕಾಣದೇ ಇರುವುದು ಮೂರರಲ್ಲಿ ಎರಡು ಪಾಲು. ಅಂದರೆ ನಮ್ಮ ಹುಡುಗ ಎಣಿಸಿದ್ದು ತಪ್ಪಲ್ಲ, ಗುಣಾಕಾರವೂ ತಪ್ಪಲ್ಲ. ಥಪ್ಪಿ ಒಡೆಸಿ ನೋಡಲಿಲ್ಲ ಅನ್ನೋದೇ ತಪ್ಪು. ಅದಕ್ಕಿಂತ ದೊಡ್ಡ ತಪ್ಪು, ಒಡೆಸಿದೆಯಾ ಅಂತ ನಾನು ಕೇಳದೇ ಇದ್ದದ್ದು. 1,584 ಚೀಲ ಅಂದರೆ 792 ಕ್ವಿಂಟಲ್. ಬೆಲೆ 55 ಲಕ್ಷ 44 ಸಾವಿರ. ಫೆಬ್ರುವರಿಯಲ್ಲಿ ಬ್ಯಾಂಕಿನ ವಕೀಲರಿಂದ ಬಂದ ನೋಟಿಸಿನಲ್ಲಿ ಅದೇ ಮೊತ್ತ ಇತ್ತು.

ಇನ್ನೊಂದು ಕಡೆಯಿಂದಲೂ ನನಗೆ ಗೊತ್ತಾಗಬಹುದಿತ್ತು. ಆ ವರ್ಷ ಫೆಬ್ರುವರಿ, ಮಾರ್ಚ್ ತಿಂಗಳ ಕರೆಂಟ್ ಬಿಲ್ ಹಿಂದಿನ ವರ್ಷಕ್ಕಿಂತ ಹೆಚ್ಚು ಬಂದಿತ್ತು. ಆದರೆ ಉತ್ಪಾದನೆಯ ಪುಸ್ತಕದಲ್ಲಿ ಒಡೆದ ತೊಗರಿ ಕಡಿಮೆ ಇತ್ತು. ಗಿರಣಿ ಓಡಿದೆ, ಪುಸ್ತಕದಲ್ಲಿ ಬೇಳೆ ಇಲ್ಲ. ಹಾಗಾದರೆ ತೊಗರಿ ಒಡೆದು ಬಿಲ್ ಇಲ್ಲದೇ ಮಾರಿದ್ದಾರೆ ಅಂತ ಅನುಮಾನ ಬರಬೇಕಿತ್ತು. ಎರಡೂ ಕಾಗದ ನನ್ನ ಫೈಲಿನಲ್ಲೇ ಇದ್ದವು. ಪಕ್ಕ ಪಕ್ಕ ಇಟ್ಟು ನೋಡಿರಲಿಲ್ಲ, ಅಷ್ಟೆ.

ನೋಟಿಸ್ ಬಂದ ದಿನ ಅತ್ತೆ ಕೇಳಿದ್ದು, "ಮನಿಗೇನೂ ಆಗೂದಿಲ್ಲಲ್ಲವ್ವಾ?" ನನಗೆ ತಕ್ಷಣ ಉತ್ತರ ಕೊಡಲಾಗಲಿಲ್ಲ. ನಮ್ಮದು ಸಾಮಾನ್ಯ ಪಾಲುದಾರಿಕೆ. ಅದರಲ್ಲಿ ಕಚೇರಿಯ ಸಾಲ ಪಾಲುದಾರರ ಸ್ವಂತ ಆಸ್ತಿಯ ಮೇಲೂ ಬರುತ್ತದೆ. ನಾನು ಮಾಡಿದ ತಪ್ಪಿಗೆ ಸಹಿಯನ್ನೇ ಹಾಕದ ನಮ್ಮ ಹಿರಿಯ ಪಾಲುದಾರರ ಮನೆಯೂ ಹೊಣೆ. 2008ರ ಎಲ್‌ಎಲ್‌ಪಿ ಕಾಯ್ದೆಯ ಪ್ರಕಾರ ನೋಂದಾಯಿಸಿದ ಸಂಸ್ಥೆಯಾದರೆ ಒಬ್ಬರ ತಪ್ಪಿಗೆ ಇನ್ನೊಬ್ಬ ಪಾಲುದಾರರ ಸ್ವಂತ ಆಸ್ತಿ ಹೊಣೆಯಲ್ಲ. ತಪ್ಪು ಮಾಡಿದವರಿಗೆ ಮಾತ್ರ ಅಲ್ಲೂ ಆ ರಕ್ಷಣೆ ಇಲ್ಲ.

ಈಗ ಆ ತಾಯಿಯ ಪ್ರಶ್ನೆಗೆ ಬರುತ್ತೇನೆ. ಆಡಿಟರ್ ಮೇಲೆ ತೊಂದರೆ ಮೂರು ಬಾಗಿಲಿನಿಂದ ಬರುತ್ತದೆ. ಒಂದು, ನಷ್ಟ ಆದವರು ಸಿವಿಲ್ ಕೋರ್ಟಿನಲ್ಲಿ ಪರಿಹಾರ ಕೇಳೋದು. ಎರಡು, ಸಿಎ ಸಂಸ್ಥೆಯ ಶಿಸ್ತು ಕ್ರಮ. 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯ್ದೆಯ ಎರಡನೇ ಅನುಸೂಚಿಯಲ್ಲಿ ಕೆಲಸದಲ್ಲಿ ತಕ್ಕ ಎಚ್ಚರ ವಹಿಸದೇ ಇರೋದು, ಘೋರ ನಿರ್ಲಕ್ಷ್ಯ ತೋರೋದು ವೃತ್ತಿ ದುರ್ನಡತೆ ಅಂತಲೇ ಬರೆದಿದೆ. ಮೂರು, ಕ್ರಿಮಿನಲ್ ಕೇಸು. ಬರೀ ಅಜಾಗರೂಕತೆಗೆ ಸಾಮಾನ್ಯವಾಗಿ ಜೈಲಾಗೋದಿಲ್ಲ. ಕಂಪನಿ ಕಾಯ್ದೆಯ 147ನೇ ಕಲಮಿನಲ್ಲಿ ಜೈಲಿನ ಮಾತು ಬರೋದು ಆಡಿಟರ್ ತಿಳಿದೂ ತಿಳಿದೂ, ಮೋಸ ಮಾಡುವ ಉದ್ದೇಶದಿಂದ ಕಾನೂನು ಮುರಿದಾಗ.

ಸಿವಿಲ್ ಬಾಗಿಲಲ್ಲಿ ಕೇಳಿದವರು ಮೂರು ಮಾತು ಸಾಬೀತು ಮಾಡಬೇಕು. ಆಡಿಟರ್‌ಗೆ ನಮ್ಮ ಬಗ್ಗೆ ಕರ್ತವ್ಯ ಇತ್ತು, ಅದನ್ನು ಅವರು ಸರಿಯಾಗಿ ಮಾಡಲಿಲ್ಲ, ಅದರಿಂದಲೇ ನಮಗೆ ನಷ್ಟ ಆಯ್ತು. ಆಡಿಟ್ ವರದಿ ಕೊಡೋದು ಕಂಪನಿಯ ಸದಸ್ಯರಿಗೆ. ಓದಿದ ಎಲ್ಲರಿಗೂ ಆಡಿಟರ್ ಹೊಣೆಯಲ್ಲ ಅಂತ 1990ರಲ್ಲಿ ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ ಕಪಾರೋ ಪ್ರಕರಣದಲ್ಲಿ ಹೇಳಿತು. ಹಾಗಾಗಿ ಬರೀ ವರದಿ ನಂಬಿ ಸಾಲ ಕೊಟ್ಟ ಬ್ಯಾಂಕಿಗೆ ಮೊದಲ ಮಾತು ಸಾಬೀತು ಮಾಡೋದು ಕಷ್ಟ. ಆದರೆ ನಾನು ಬ್ಯಾಂಕಿನ ಹೆಸರು ಬರೆದು, ಅವರು ಯಾಕೆ ಕೇಳ್ತಿದ್ದಾರೆ ಅಂತ ಗೊತ್ತಿದ್ದೂ ಪ್ರಮಾಣಪತ್ರ ಕೊಟ್ಟಿದ್ದೆ. ಸುಲಭದ ಒಂದು ಪುಟದ ಕಾಗದ ಅಂದುಕೊಂಡದ್ದೇ ನನ್ನನ್ನು ನೇರವಾಗಿ ಬ್ಯಾಂಕಿನ ಎದುರು ತಂದು ನಿಲ್ಲಿಸಿತು.

ಇನ್ನು ಕರ್ತವ್ಯ ಎಷ್ಟು ಅನ್ನೋ ಮಾತು. 1896ರಲ್ಲಿ ಇಂಗ್ಲೆಂಡಿನ ಕಿಂಗ್ಸ್‌ಟನ್ ಕಾಟನ್ ಮಿಲ್ ಪ್ರಕರಣದಲ್ಲೂ ತಕರಾರು ಸರಕಿನದೇ. ಮ್ಯಾನೇಜರ್ ವರ್ಷಗಟ್ಟಲೆ ಸರಕು ಹೆಚ್ಚು ತೋರಿಸಿದ್ದ, ಆಡಿಟರ್‌ಗಳು ಅವನು ಕೊಟ್ಟ ಪಟ್ಟಿ ನಂಬಿದ್ದರು. ಆಡಿಟರ್ ಕಾವಲು ನಾಯಿ, ಬೇಟೆ ನಾಯಿಯಲ್ಲ ಅಂತ ಹೇಳಿ ನ್ಯಾಯಾಲಯ ಅವರನ್ನು ಬಿಟ್ಟಿತು. ಈ ಮಾತನ್ನು ನಮ್ಮ ವೃತ್ತಿಯವರು ಇವತ್ತಿಗೂ ಹೇಳಿಕೊಂಡು ಧೈರ್ಯ ತಗೊಳ್ತಾರೆ. ಆದರೆ ಕಾಲ ಬದಲಾಗಿದೆ. ಈಗ ಸರಕು ದೊಡ್ಡ ಮೊತ್ತದ್ದಾದರೆ ಎಣಿಕೆಗೆ ಆಡಿಟರ್ ಸ್ವತಃ ಹಾಜರಿರಬೇಕು ಅಂತ ನಮ್ಮ ಆಡಿಟಿಂಗ್ ಮಾನದಂಡ ಎಸ್‌ಎ 501 ಹೇಳುತ್ತದೆ. ಮಾಲೀಕರು ಬರೆದುಕೊಟ್ಟ ಪತ್ರವೊಂದೇ ಸಾಕ್ಷ್ಯ ಆಗೋದಿಲ್ಲ ಅಂತ ಎಸ್‌ಎ 580 ಹೇಳುತ್ತದೆ. ಕೋರ್ಟ್ ಅಳೆಯೋದು ಇವತ್ತಿನ ಮಾನದಂಡದಿಂದ.

ನಮ್ಮ ಪಕ್ಕದ ಹೈದರಾಬಾದಿನ ಸತ್ಯಂ ಕಂಪನಿಯ ಕತೆ ನಿಮಗೆ ನೆನಪಿರಬಹುದು. 2009ರ ಜನವರಿ 7ರಂದು ಅಧ್ಯಕ್ಷರೇ ಪತ್ರ ಬರೆದು, ಲೆಕ್ಕದಲ್ಲಿರುವ 5,000 ಕೋಟಿಗೂ ಹೆಚ್ಚು ನಗದು ಮತ್ತು ಬ್ಯಾಂಕ್ ಹಣ ಇಲ್ಲವೇ ಇಲ್ಲ ಅಂತ ಒಪ್ಪಿಕೊಂಡರು. ಬ್ಯಾಂಕಿನಲ್ಲಿ ಹಣ ಇದೆಯೇ ಅಂತ ಆಡಿಟರ್ ತಾವೇ ಬ್ಯಾಂಕಿಗೆ ಬರೆದು, ಉತ್ತರ ನೇರ ತಮ್ಮ ಕೈಗೆ ಬರುವ ಹಾಗೆ ನೋಡಿಕೊಳ್ಳಬೇಕು. ಅಲ್ಲಿ ಆ ಕೆಲಸ ಆಡಿಟರ್‌ಗಳ ಹತೋಟಿಯಲ್ಲಿ ಇರಲಿಲ್ಲ ಅನ್ನೋದೇ ಅವರ ಮೇಲಿನ ಮುಖ್ಯ ಆಕ್ಷೇಪಗಳಲ್ಲಿ ಒಂದು. 2015ರ ಏಪ್ರಿಲ್‌ನಲ್ಲಿ ವಿಶೇಷ ನ್ಯಾಯಾಲಯ ತಪ್ಪಿತಸ್ಥರು ಎಂದ ಹತ್ತು ಮಂದಿಯಲ್ಲಿ ಇಬ್ಬರು ಮಾಜಿ ಆಡಿಟರ್‌ಗಳೂ ಇದ್ದರು. ಅವರೂ ಮೇಲ್ಮನವಿಗೆ ಹೋದರು. ಹೊಟ್ಟಿನ ಥಪ್ಪಿಯೂ ಇದೇ ಜಾತಿಯದು. ತೋರಿಸಿದವರು ತೋರಿಸಿದಷ್ಟು ನೋಡಿ ಬಂದರೆ ಅದು ಪರಿಶೀಲನೆ ಅಲ್ಲ.

ನೋಟಿಸ್ ಬಂದ ಸಂಜೆ ಕಚೇರಿಯಲ್ಲಿ ಒಂದು ಮಾತು ನಡೆಯಿತು, ಅದನ್ನು ಮುಚ್ಚಿಡದೆ ಹೇಳುತ್ತೇನೆ. ಆರ್ಟಿಕಲ್ ಹುಡುಗ ಕಣ್ಣಲ್ಲಿ ನೀರು ತುಂಬಿಕೊಂಡು ಬಂದ. "ಮೇಡಂ, ಹೋದ ವರ್ಷದ ಶೀಟ್ ಮೂರು ಪುಟದ್ದು ಅದಲ್ರಿ. ಅದೇ ನಮೂನಿದಾಗ ಈಗ ಒಂದು ಬರದು ಹಾಕ್ತೀನ್ರಿ. ತಾರೀಖ ಮಾರ್ಚ್ 31 ಹಾಕಿದ್ರ ಯಾರಿಗಿ ಗೊತ್ತಾಗ್ತದ್ರಿ?"

ನಿಜ ಹೇಳಬೇಕೆಂದರೆ ಎರಡು ನಿಮಿಷ ನಾನೂ ಸುಮ್ಮನೇ ಕೂತಿದ್ದೆ. ಆಮೇಲೆ ನಮ್ಮ ಹಿರಿಯ ಪಾಲುದಾರರು ಹೇಳಿದರು: "ಈಗ ಇದು ಅಜಾಗರೂಕತಿ. ನೀ ಆ ಕಾಗದ ಬರದ್ರ ಮೋಸ ಆಗ್ತದ. ಅಜಾಗರೂಕತಿಗಿ ವಿಮಾ ಅದ, ಮೋಸಕ್ಕ ಇಲ್ಲಪ್ಪಾ."

ಆ ಮಾತಿನಲ್ಲಿ ಎಲ್ಲಾ ಇದೆ. ಆಡಿಟ್ ದಾಖಲೆಗಳ ಮಾನದಂಡ ಎಸ್‌ಎ 230. ವರದಿಗೆ ಸಹಿ ಹಾಕಿದ ಮೇಲೆ ಸಾಮಾನ್ಯವಾಗಿ 60 ದಿನದೊಳಗೆ ಫೈಲ್ ಜೋಡಿಸಿ ಮುಗಿಸಬೇಕು. ಆಮೇಲೆ ಅದರಿಂದ ಏನೂ ತೆಗೆಯುವ ಹಾಗಿಲ್ಲ. ಅನಿವಾರ್ಯವಾಗಿ ಏನಾದರೂ ಸೇರಿಸಿದರೆ ಯಾರು, ಯಾವತ್ತು, ಯಾಕೆ ಸೇರಿಸಿದರು ಅಂತ ಬರೆದೇ ಸೇರಿಸಬೇಕು. ಫೈಲನ್ನು ಕನಿಷ್ಠ ಏಳು ವರ್ಷ ಕಾಯಬೇಕು. ಫೈಲು ಹೇಗಿರಬೇಕು ಅಂದರೆ, ಈ ಕೆಲಸಕ್ಕೆ ಸಂಬಂಧವೇ ಇಲ್ಲದ ಇನ್ನೊಬ್ಬ ಅನುಭವಿ ಆಡಿಟರ್ ತೆಗೆದು ಓದಿದರೆ ಏನು ಮಾಡಿದರು, ಏನು ಸಿಕ್ಕಿತು, ಯಾಕೆ ಈ ತೀರ್ಮಾನಕ್ಕೆ ಬಂದರು ಅಂತ ಅವರಿಗೆ ತಿಳಿಯಬೇಕು. "7,200 ಚೀಲ, ಸರಿ ಇದೆ" ಅನ್ನೋದರಲ್ಲಿ ತೀರ್ಮಾನ ಮಾತ್ರ ಇದೆ, ಮಾಡಿದ ಕೆಲಸ ಇಲ್ಲ. ಮಾಡಿದ್ದರೂ ಬರೆಯದಿದ್ದರೆ ಮಾಡಿಲ್ಲ ಅಂತಲೇ ಲೆಕ್ಕ.

ನಾವು ಒಂದು ಕಾಗದವನ್ನೂ ಮುಟ್ಟಲಿಲ್ಲ. ಮೂರನೇ ದಿನ ವಿಮಾ ಕಂಪನಿಗೆ ನೋಟಿಸಿನ ಪ್ರತಿ ಕಳಿಸಿದೆವು. ವೃತ್ತಿ ಹೊಣೆಗಾರಿಕೆಯ ಈ ವಿಮೆ ಮನೆ, ಗಾಡಿಯ ವಿಮೆ ಇದ್ದ ಹಾಗಲ್ಲ. ಗಾಡಿ ವಿಮೆಯಲ್ಲಿ ಅಪಘಾತ ಆದ ದಿನ ಪಾಲಿಸಿ ಇದ್ದರೆ ಸಾಕು. ಇಲ್ಲಿ ತಪ್ಪು ನಡೆದ ದಿನದ್ದಲ್ಲ, ಪರಿಹಾರ ಕೇಳಿ ಬಂದ ದಿನದ ಪಾಲಿಸಿ ಹಣ ಕೊಡಬೇಕು. ಆಡಿಟ್ ಮಾಡಿದಾಗ ಪಾಲಿಸಿ ಇತ್ತು, ಆಮೇಲೆ ನವೀಕರಣ ಬಿಟ್ಟೆವು ಅಂದರೆ ನಡೆಯೋದಿಲ್ಲ. ಜೊತೆಗೆ ಪಾಲಿಸಿಯಲ್ಲಿ ಹಿಂದಿನ ಒಂದು ತಾರೀಖು ಬರೆದಿರುತ್ತದೆ, ಅದಕ್ಕೂ ಮುಂಚೆ ಮಾಡಿದ ಕೆಲಸಕ್ಕೆ ರಕ್ಷಣೆ ಇಲ್ಲ. ಮಧ್ಯೆ ಒಂದು ವರ್ಷ ಬಿಟ್ಟು ಹೊಸದಾಗಿ ತಗೊಂಡರೆ ಆ ತಾರೀಖು ಮುಂದೆ ಜಿಗಿದುಬಿಡಬಹುದು. ನಮ್ಮದು ಐದು ವರ್ಷದಿಂದ ಬಿಡದೆ ನಡೆದಿತ್ತು. ಹಿಂದಿನ ವರ್ಷ "ಸುಮ್ನ ರೊಕ್ಕ ದಂಡ" ಅಂತ ಬಿಡೋಕೆ ಹೊರಟವಳು ನಾನೇ. ಕಟ್ಟಿಸಿದವರು ಹಿರಿಯರು.

ಅವಸರದಲ್ಲಿ ಮಾಡಬಾರದ್ದು ಇನ್ನೊಂದಿದೆ. ಬ್ಯಾಂಕಿನ ಮ್ಯಾನೇಜರ್ ಪರಿಚಯದವರು ಅಂತ ಫೋನ್ ಮಾಡಿ "ನಮ್ಮದ ತಪ್ಪಾಗ್ಯದ್ರಿ, ಏನರ ಮಾಡೋಣ" ಅಂದರೆ ಕೆಲಸ ಕೆಟ್ಟಿತು. ವಿಮಾ ಕಂಪನಿಯ ಒಪ್ಪಿಗೆ ಇಲ್ಲದೆ ತಪ್ಪು ಒಪ್ಪಿಕೊಳ್ಳೋದು, ರಾಜಿ ಆಗೋದು ಪಾಲಿಸಿಯ ಷರತ್ತಿಗೆ ವಿರುದ್ಧ. ನೋಟಿಸ್ ಬರುವ ತನಕವೂ ಕಾಯಬೇಕಿಲ್ಲ. ಗಿರಣಿ ಮುಚ್ಚಿದ ಸುದ್ದಿ ಕಿವಿಗೆ ಬಿದ್ದಾಗಲೇ, ಇದರಿಂದ ನಮ್ಮ ಮೇಲೆ ಬರಬಹುದು ಅನ್ನಿಸಿದ ದಿನವೇ ತಿಳಿಸಬೇಕು.

ನಮ್ಮ ಪಾಲಿಸಿಯ ಮಿತಿ ವರ್ಷಕ್ಕೆ 50 ಲಕ್ಷ, ಒಂದು ಪ್ರಕರಣಕ್ಕೆ 25 ಲಕ್ಷ. ಮೊದಲ 1 ಲಕ್ಷ ನಮ್ಮದೇ. ವಕೀಲರ ಫೀಸೂ ಈ 25 ಲಕ್ಷದೊಳಗೇ. ಹಾಗಾಗಿ 55 ಲಕ್ಷದ ಎದುರು 25 ಲಕ್ಷ ಅಂದರೆ ಉಳಿದದ್ದು ಮನೆಯಿಂದ. ಅತ್ತೆಯ ಪ್ರಶ್ನೆಗೆ ನನಗೆ ಉತ್ತರ ಬಾರದೇ ಇದ್ದದ್ದು ಇದಕ್ಕೇ.

ಮನೆ ಉಳಿಸಿದ್ದು ಫೈಲಿನಲ್ಲಿದ್ದ ಇನ್ನೊಂದು ಕಾಗದ. ಮೊದಲ ವರ್ಷ ಬ್ಯಾಂಕಿನ ಸಾಲ ಮಂಜೂರಾತಿ ಪತ್ರದ ಪ್ರತಿ ತಗೊಂಡು ಇಟ್ಟಿದ್ದೆ. ಅದರಲ್ಲಿ ಬ್ಯಾಂಕಿನ ಅಧಿಕಾರಿ ಪ್ರತಿ ತಿಂಗಳು ಗೋದಾಮು ನೋಡಬೇಕು ಅಂತ ಷರತ್ತಿತ್ತು. ಅವರ ಕಡೆಯಿಂದ ಹತ್ತು ತಿಂಗಳು ಯಾರೂ ಕಮಲಾಪುರದ ಕಡೆ ತಲೆ ಹಾಕಿರಲಿಲ್ಲ. ನಮ್ಮ ವಕೀಲರು ಹಿಡಿದದ್ದು ಈ ಎಳೆಯನ್ನೇ: ನಷ್ಟ ಪೂರ್ತಿ ಆಡಿಟರ್‌ನಿಂದಲೇ ಆಯ್ತು ಅನ್ನೋ ಮೂರನೇ ಮಾತು ನಿಲ್ಲೋದಿಲ್ಲ. ಇದು ಹೊಸ ವಾದವಲ್ಲ. 1904ರ ಲಂಡನ್ ಆಯಿಲ್ ಸ್ಟೋರೇಜ್ ಪ್ರಕರಣದಲ್ಲಿ ಪುಸ್ತಕದಲ್ಲಿ 796 ಪೌಂಡ್ ನಗದು, ಪೆಟ್ಟಿಗೆಯಲ್ಲಿ 30 ಪೌಂಡ್. ಆಡಿಟರ್ ಎಣಿಸಿ ನೋಡದ್ದು ತಪ್ಪು ಅಂತ ಆಯ್ತು. ಆದರೆ ನಿರ್ದೇಶಕರೂ ಕಣ್ಣು ಮುಚ್ಚಿ ಕೂತಿದ್ದರು ಅಂತ ಪರಿಹಾರ ಕೊಟ್ಟದ್ದು ಐದು ಗಿನಿ ಮಾತ್ರ.

ನಮಗೆ ಅಷ್ಟು ಅದೃಷ್ಟ ಇರಲಿಲ್ಲ. ಮೊದಲ ವರ್ಷದ ಮೂರು ಪುಟ ತೋರಿಸಿದ್ದಕ್ಕೆ ಆ ವರ್ಷದ ಮಾತು ಅಲ್ಲಿಗೇ ಮುಗಿಯಿತು. ಎರಡನೇ ವರ್ಷದ ಒಂದು ಸಾಲಿಗೆ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಕೊನೆಗೆ ವಿಮಾ ಕಂಪನಿಯ ಒಪ್ಪಿಗೆಯ ಮೇಲೆ 12 ಲಕ್ಷಕ್ಕೆ ರಾಜಿ ಆಯ್ತು. ನಾವು ಕೈಯಿಂದ ಕಟ್ಟಿದ್ದು 1 ಲಕ್ಷ.

ಬ್ಯಾಂಕ್ ಸಿಎ ಸಂಸ್ಥೆಗೆ ದೂರು ಕೊಡಲಿಲ್ಲ. ಕೊಟ್ಟಿದ್ದರೆ ಅದು ಬೇರೆಯೇ ಬಾಗಿಲು. ಅಲ್ಲಿ 21 ದಿನದೊಳಗೆ ಲಿಖಿತ ಉತ್ತರ ಕೊಡಬೇಕು, ಎದುರು ಇಡೋದು ಮತ್ತೆ ಅದೇ ಫೈಲು. ಅಲ್ಲಿ ಬೀಳುವ ದಂಡವನ್ನು, ಸದಸ್ಯತ್ವದಿಂದ ಹೆಸರು ತೆಗೆಯೋದನ್ನು ಯಾವ ವಿಮೆಯೂ ಭರಿಸೋದಿಲ್ಲ. ನಮ್ಮ ರಾಜ್ಯದ್ದೇ ಆದ ಕಾಫಿ ಡೇ ಸಮೂಹದ ವಿಷಯ ನೋಡಿ. ಅದರ ಅಧೀನ ಕಂಪನಿಗಳಿಂದ 3,535 ಕೋಟಿ ರೂಪಾಯಿ ಪ್ರವರ್ತಕರ ಬೇರೊಂದು ಸಂಸ್ಥೆಗೆ ಹೋಗಿತ್ತು ಅಂತ ಸೆಬಿ 2023ರ ಜನವರಿಯ ಆದೇಶದಲ್ಲಿ ಹೇಳಿತು. ಅದೇ ವರ್ಷ ಎನ್‌ಎಫ್‌ಆರ್‌ಎ ಆ ಸಮೂಹದ ಆಡಿಟರ್‌ಗಳಿಗೆ ದಂಡ ಹಾಕಿ, ಆಡಿಟ್ ಮಾಡದಂತೆ ನಿರ್ಬಂಧವನ್ನೂ ಹೇರಿತು. ಅಂಥ ದಂಡ, ನಿರ್ಬಂಧ ಆಡಿಟರ್ ತಾವೇ ಹೊರಬೇಕಾದ ಭಾರ.

ತಾಯೀ, ನಿಮ್ಮ ಮಗನಿಗೆ ಒಂದೇ ಮಾತು ಹೇಳಿ. ಮುಂದಿನ ಮಾರ್ಚ್ 31ಕ್ಕೆ ಅವನನ್ನು ಯಾವುದಾದರೂ ಗೋದಾಮಿಗೆ ಕಳಿಸಿದರೆ, ಥಪ್ಪಿಯ ನಡುವಿನ ಚೀಲ ತೆಗೆಸಿ, ತೂಗಿಸಿ, ಎಲ್ಲಿಂದ ತೆಗೆಸಿದೆ ಅಂತ ಅಲ್ಲೇ ನಿಂತು ಬರೆಯಲಿ. ಹಮಾಲರು ಗೊಣಗಿದರೆ ಗೊಣಗಲಿ. ತೆಗೆಸಲು ಬಿಡದಿದ್ದರೆ ಅದನ್ನೂ ಬರೆದು ಅವತ್ತೇ ಕಚೇರಿಗೆ ಫೋನ್ ಮಾಡಲಿ.

ನಮ್ಮ ಹುಡುಗ ಈಗ ಸಿಎ ಆಗಿದ್ದಾನೆ, ಸ್ವಂತ ಕಚೇರಿ ಇದೆ. ಮೊನ್ನೆ ಯುಗಾದಿಗೆ ಮನೆಗೆ ಬಂದಿದ್ದ. ಕೈಯಲ್ಲಿ ಕಮಲಾಪುರದ ಕೆಂಪು ಬಾಳೆಹಣ್ಣಿನ ಗೊನೆ. "ಥಪ್ಪಿ ಒಡಿಸಿ ಬಂದಿಯೇನಪಾ?" ಅಂತ ಅತ್ತೆ ಕೇಳಿದರು. "ಒಡಿಸೀನಿ ಅಮ್ಮಾ, ನಾಕು ಪುಟ ಬರದೀನಿ" ಅಂದ.